ಉಪಯೋಗಿಸದ ಕ್ರೆಡಿಟ್ ಕಾರ್ಡ್ ಕ್ಲೋಸ್ ಮಾಡ್ಲಿಕ್ಕೆ ಲೆಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಮಂಗಳೂರಲ್ಲಿ ಕೆಲಸಕ್ಕೆ ಇದ್ದಾಗ ಯಾರೋ ಆಫೀಸಿಗೆ ಬಂದು ಫಾರ್ಮ್ ತುಂಬಿಸಿ ಕೊಟ್ಟ ಕಾರ್ಡ್ ಇರುವವರು ತುಂಬ ಜನ. ಕೆಲಸ ಬಿಟ್ಟು ಊರಿಗೆ ಬಂದ್ರು, ಇಲ್ಲ ಗಲ್ಫಿಗೆ ಹೋದ್ರು, ಕಾರ್ಡ್ ಕಪಾಟಿನಲ್ಲಿ ಉಳೀತು, ವರ್ಷಕ್ಕೊಮ್ಮೆ ಫೀ ಮಾತ್ರ ಬೀಳ್ತಾ ಉಂಟು. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರ್ದಿದ್ದೇನೆ. ಸಾಲ ಬಾಕಿ ಇದ್ದು ಸೆಟಲ್‌ಮೆಂಟ್ ಮಾಡುವವರ ಕಥೆ ಬೇರೆ, ಅದು ಇದರಲ್ಲಿ ಇಲ್ಲ.

ಕಾರ್ಡ್ ಒಂದು ಸಲವೂ ಉಜ್ಜಿಲ್ಲ, ಮತ್ತೆ ಎಂತಕ್ಕೆ ದುಡ್ಡು ಕೇಳ್ತಾರೆ?

ವಾರ್ಷಿಕ ಫೀ ಅಂದ್ರೆ ಕಾರ್ಡ್ ಇಟ್ಕೊಂಡದ್ದಕ್ಕೆ, ಉಪಯೋಗಿಸಿದ್ದಕ್ಕೆ ಅಲ್ಲ. ಮೊದಲ ವರ್ಷ ಫ್ರೀ ಅಂತ ಹೇಳಿ ಕೊಟ್ಟಿರ್ತಾರೆ, ಎರಡನೇ ವರ್ಷದಿಂದ ಫೀ, ಅದರ ಮೇಲೆ 18% ಜಿಎಸ್‌ಟಿ. 500 ರೂಪಾಯಿಯ ಕಾರ್ಡ್ ಅಂದ್ರೆ ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಬೀಳುದು 590. ಇಷ್ಟು ಖರ್ಚು ಮಾಡಿದ್ರೆ ಫೀ ಮಾಫಿ ಅಂತ ಒಂದು ಷರತ್ತು ಸುಮಾರು ಕಾರ್ಡಿಗೆ ಉಂಟು, ಆದ್ರೆ ಉಪಯೋಗಿಸದವರಿಗೆ ಅದರಿಂದ ಎಂತ ಪ್ರಯೋಜನ.

ಒಂದು ವಿಷಯ ಮಾತ್ರ ನೆನಪಿರ್ಲಿ, ಕಾರ್ಡ್ ಬಂದ ಮೇಲೆ ಆಕ್ಟಿವೇಟೇ ಮಾಡ್ಲಿಲ್ಲ ಅಂತಾದ್ರೆ ನಿಮ್ಮ ಕೇಸು ಬೇರೆ. 30 ದಿನ ದಾಟಿದ್ರೂ ಆಕ್ಟಿವೇಟ್ ಆಗದ ಕಾರ್ಡಿಗೆ ಕಂಪೆನಿಯವರು ಒಟಿಪಿ ಮೂಲಕ ನಿಮ್ಮ ಒಪ್ಪಿಗೆ ಕೇಳ್ಬೇಕು, ಒಪ್ಪಿಗೆ ಸಿಗದಿದ್ರೆ ಏಳು ಕೆಲಸದ ದಿನದೊಳಗೆ ಖರ್ಚಿಲ್ಲದೆ ಕ್ಲೋಸ್ ಮಾಡ್ಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಅಂಥ ಕಾರ್ಡಿಗೆ ಫೀ ಹಾಕಿದ್ರೆ ಲೆಟರಿನ ಮೊದಲ ಸಾಲಲ್ಲೇ "ಈ ಕಾರ್ಡ್ ಆಕ್ಟಿವೇಟ್ ಮಾಡಿಯೇ ಇಲ್ಲ" ಅಂತ ಬರೀರಿ.

ಕತ್ತರಿಸಿ ಬಿಸಾಡಿದ್ರೆ ಸಾಕಲ್ವಾ? ಒಂದು ವರ್ಷ ಬಿಟ್ರೆ ತನ್ನಿಂದ ತಾನೇ ಕ್ಲೋಸ್ ಆಗ್ತದೆ ಅಂತ ಯಾರೋ ಹೇಳಿದ್ರು.

ಪ್ಲಾಸ್ಟಿಕ್ ಕತ್ತರಿಸಿದ್ರೆ ಪ್ಲಾಸ್ಟಿಕ್ ಮಾತ್ರ ಹೋಗ್ತದೆ, ಅಕೌಂಟ್ ಅಲ್ಲೇ ಇರ್ತದೆ, ಫೀ ಕಾರ್ಡಿಗೆ ಅಲ್ಲ ಅಕೌಂಟಿಗೆ ಬೀಳುದು.

ಒಂದು ವರ್ಷದ ಮಾತು ಸುಳ್ಳಲ್ಲ, ಅರ್ಧ ಸರಿ. ಒಂದು ವರ್ಷಕ್ಕಿಂತ ಹೆಚ್ಚು ಉಪಯೋಗಿಸದ ಕಾರ್ಡನ್ನು, ನಿಮಗೆ ತಿಳಿಸಿ, 30 ದಿನದಲ್ಲಿ ನಿಮ್ಮಿಂದ ಉತ್ತರ ಬರ್ಲಿಲ್ಲ ಅಂತಾದ್ರೆ ಕ್ಲೋಸ್ ಮಾಡ್ಬೇಕು ಅಂತ ನಿಯಮ ಉಂಟು. ಆದ್ರೆ ಅದರ ಬಾಲದಲ್ಲಿ "ಎಲ್ಲ ಬಾಕಿ ಕಟ್ಟಿದ್ರೆ" ಅಂತ ಒಂದು ಮಾತು ಉಂಟು, ಅದನ್ನು ಯಾರೂ ಹೇಳುದಿಲ್ಲ. ವರ್ಷ ತುಂಬುವ ಹೊತ್ತಿಗೆ ಸರಿಯಾಗಿ ಫೀ ಬೀಳ್ತದೆ, ಫೀ ಬಿದ್ರೆ ಬಾಕಿ ಆಯ್ತು, ಬಾಕಿ ಇದ್ರೆ ತನ್ನಿಂದ ತಾನೇ ಕ್ಲೋಸ್ ಆಗುದು ನಿಂತು ಹೋಯ್ತು. ಆ ಫೀ ಕಟ್ಟದಿದ್ರೆ ಡ್ಯೂ ಡೇಟ್ ಆಗಿ ಮೂರು ದಿನ ಕಳೆದ ಮೇಲೆ ಲೇಟ್ ಫೀ ಹಾಕ್ಬಹುದು, ಜನರ ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಕಂಪೆನಿಗಳಿಗೆ ಬಾಕಿದಾರ ಅಂತ ವರದಿಯೂ ಮಾಡ್ಬಹುದು. ನಾಳೆ ತೋಟಕ್ಕೋ ಮನೆಗೋ ಲೋನ್ ಕೇಳ್ಲಿಕ್ಕೆ ಹೋದಾಗ ಈ 590 ಎದ್ದು ಕೂತಿರ್ತದೆ. ಹಾಗಾಗಿ ನೀವೇ ಬರೆದು ಕ್ಲೋಸ್ ಮಾಡಿಸುದು ಒಳ್ಳೇದು.

ಯಾವಾಗ ಬರೀಬೇಕು?

ಫೀ ಬೀಳುವ ತಿಂಗಳಿಗೆ ಮುಂಚೆ. ಕಾರ್ಡಿನ ಮೇಲೆ ಸಾಮಾನ್ಯವಾಗಿ ಯಾವ ತಿಂಗಳಲ್ಲಿ ಕೊಟ್ಟದ್ದು, ಯಾವ ತಿಂಗಳಿಗೆ ಮುಗೀತದೆ ಅಂತ ಇರ್ತದೆ, ಕಳೆದ ವರ್ಷದ ಸ್ಟೇಟ್‌ಮೆಂಟ್ ಇದ್ರೆ ಫೀ ಬಿದ್ದ ತಿಂಗಳೂ ಅದರಲ್ಲಿ ಗೊತ್ತಾಗ್ತದೆ. ಆ ತಿಂಗಳಿಗೆ ಒಂದು ಒಂದೂವರೆ ತಿಂಗಳು ಮೊದಲು ಬರೆದ್ರೆ ಆರಾಮ, ತಕರಾರು ಬಂದ್ರೂ ಸಮಯ ಉಳೀತದೆ.

ಝೀರೋ ಬ್ಯಾಲೆನ್ಸ್ ಅಂದ್ರೆ ಸ್ಟೇಟ್‌ಮೆಂಟಿನಲ್ಲಿ ಸೊನ್ನೆ ಇದ್ರೆ ಸಾಕಾ?

ಸಾಕಾಗುದಿಲ್ಲ, ಹೆಚ್ಚಿನವರ ಲೆಟರ್ ತಿರುಗಿ ಬರುದು ಇಲ್ಲೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ.

ಸ್ಟೇಟ್‌ಮೆಂಟ್ ಅಂದ್ರೆ ಒಂದು ದಿನದ ಫೋಟೋ ಇದ್ದ ಹಾಗೆ. ನಿಮ್ಮ ಸ್ಟೇಟ್‌ಮೆಂಟ್ 18ನೇ ತಾರೀಕಿಗೆ ಆಗುದಾದ್ರೆ, 19ಕ್ಕೆ ಬಿದ್ದದ್ದು ಮುಂದಿನ ತಿಂಗಳ ಸ್ಟೇಟ್‌ಮೆಂಟಿಗೇ ಬರುದು. ಅದಕ್ಕೆ ಅನ್‌ಬಿಲ್ಡ್ ಅಮೌಂಟ್ ಅಂತಾರೆ. ಆಪ್‌ನಲ್ಲಿ ಅಥವಾ ನೆಟ್‌ಬ್ಯಾಂಕಿಂಗಿನಲ್ಲಿ "ಟೋಟಲ್ ಔಟ್‌ಸ್ಟ್ಯಾಂಡಿಂಗ್" ಅಂತ ಒಂದು ಸಂಖ್ಯೆ ಉಂಟಲ್ಲ, ಅದರ ಜೊತೆ ಈ ಅನ್‌ಬಿಲ್ಡ್ ಸಂಖ್ಯೆಯನ್ನೂ ನೋಡ್ಬೇಕು. ಎರಡೂ ಸೊನ್ನೆ ಇದ್ರೆ ಮಾತ್ರ ಸೊನ್ನೆ. ಆಪ್ ಇಲ್ಲದವರು ಕಸ್ಟಮರ್ ಕೇರಿಗೆ ಫೋನ್ ಮಾಡಿ "ಇವತ್ತೇ ಕ್ಲೋಸ್ ಮಾಡುದಾದ್ರೆ ಪೈಸೆ ಲೆಕ್ಕದಲ್ಲಿ ಎಷ್ಟು ಕಟ್ಬೇಕು" ಅಂತ ಕೇಳಿ. "ಬಿಲ್ ಎಷ್ಟು" ಅಂತ ಕೇಳ್ಬೇಡಿ, ಅದಕ್ಕೆ ಅವರು ಹಳೆ ಸ್ಟೇಟ್‌ಮೆಂಟ್ ನೋಡಿ ಸೊನ್ನೆ ಅಂತಾರೆ.

ನಾನು ಕಾರ್ಡೇ ಮುಟ್ಟಿಲ್ಲ, ಅನ್‌ಬಿಲ್ಡ್ ಎಲ್ಲಿಂದ ಬಂತು ಅಂತ ಕೇಳ್ತೀರಿ. ಆಟೋ ಡೆಬಿಟ್ಟಿನಿಂದ ಬರ್ತದೆ. ಎರಡು ವರ್ಷ ಹಿಂದೆ ಕ್ರಿಕೆಟ್ ನೋಡ್ಲಿಕ್ಕೆ ಅಂತ ಒಂದು ಆಪ್‌ಗೆ ಈ ಕಾರ್ಡ್ ಕೊಟ್ಟಿರ್ತೀರಿ, ಅದು ವರ್ಷಕ್ಕೊಮ್ಮೆ ರಿನ್ಯೂ ಆಗ್ತಾ ಇರ್ತದೆ. ಫಾಸ್ಟ್‌ಟ್ಯಾಗಿಗೆ ಆಟೋ ರೀಚಾರ್ಜ್ ಇಟ್ಟಿರ್ತೀರಿ, ತಲಪಾಡಿ ಟೋಲ್ ದಾಟಿ ಮಂಗಳೂರಿಗೆ ಹೋಗಿ ಬರುವವರಿಗೆ ಇದು ಮರೆತೇ ಹೋಗಿರ್ತದೆ. ಮನೆಯವರ ಹೆಸರಲ್ಲಿ ಒಂದು ಆಡ್-ಆನ್ ಕಾರ್ಡ್ ಇದ್ರೆ ಅದೂ ಇದೇ ಅಕೌಂಟಿನಿಂದ ಹೋಗುದು. ಬಾಕಿ ಉಳಿದ ಇಎಂಐ ಇದ್ರೆ ಅದನ್ನು ಪೂರ್ತಿ ಮುಗಿಸಿಯೇ ಕ್ಲೋಸ್ ಆಗುದು, ಮುಂಚಿತವಾಗಿ ಮುಗಿಸ್ಲಿಕ್ಕೆ ಚಾರ್ಜ್ ಇದ್ರೆ ಅದೂ ಸೇರ್ತದೆ. ಹಾಗಾಗಿ ಲೆಟರ್ ಬರೆಯುವ ಮೊದಲು ಆಟೋ ಡೆಬಿಟ್ ಎಲ್ಲ ಬೇರೆ ಕಡೆಗೆ ಬದಲಾಯಿಸಿ, ಇಲ್ಲ ತೆಗೀರಿ. ರುಪೇ ಕಾರ್ಡನ್ನು ಯುಪಿಐ ಆಪಿಗೆ ಸೇರಿಸಿದ್ರೆ ಅದನ್ನೂ ಬಿಡಿಸಿ.

ಇನ್ನೊಂದು ಹಾಳು ವಿಷಯ ಬಡ್ಡಿಯ ಬಾಲ. ಹಿಂದೆ ಯಾವಾಗಾದ್ರೂ ಬಿಲ್ ಪೂರ್ತಿ ಕಟ್ಟದೆ ಸ್ವಲ್ಪ ಉಳಿಸಿದ್ರೆ, ಸ್ಟೇಟ್‌ಮೆಂಟ್ ದಿನದಿಂದ ನೀವು ಕಟ್ಟಿದ ದಿನದ ತನಕದ ಬಡ್ಡಿ ಅದರ ಮುಂದಿನ ಸ್ಟೇಟ್‌ಮೆಂಟಿಗೆ ಬರ್ತದೆ. ನೀವು ಪೂರ್ತಿ ಕಟ್ಟಿದೆ ಅಂತ ಸಮಾಧಾನದಲ್ಲಿ ಇರ್ತೀರಿ, ಮುಂದಿನ ತಿಂಗಳು ಹದಿನೆಂಟೋ ಇಪ್ಪತ್ತೋ ರೂಪಾಯಿ ಬಂದು ಕೂತಿರ್ತದೆ. ಅಂಥವರು ಪೂರ್ತಿ ಕಟ್ಟಿದ ಮೇಲೆ ಒಂದು ಸ್ಟೇಟ್‌ಮೆಂಟ್ ದಾಟ್ಲಿ ಅಂತ ಕಾದು ಆಮೇಲೆ ಬರೀರಿ.

ಸ್ಕ್ರೀನಿನಲ್ಲಿ ಸಂಖ್ಯೆಯ ಪಕ್ಕ ಸಿಆರ್ ಅಂತ ಇದ್ರೆ ಅಥವಾ ಮೈನಸ್ ಗುರುತು ಇದ್ರೆ ಹೆದ್ರುದು ಬೇಡ, ಅದು ನಿಮ್ಮ ದುಡ್ಡು ಅವರ ಹತ್ರ ಇರುದು. ಕ್ಲೋಸ್ ಆದ ಮೇಲೆ ಅದನ್ನು ನಿಮ್ಮ ಬ್ಯಾಂಕ್ ಅಕೌಂಟಿಗೆ ಹಾಕ್ಬೇಕು ಅಂತ ನಿಯಮ ಉಂಟು. ಅಕೌಂಟ್ ನಂಬರ್ ಅವರ ಹತ್ರ ಇಲ್ಲದಿದ್ರೆ ಕೇಳಿ ತಗೊಳ್ಬೇಕು, ಅದಕ್ಕೆ ನೀವೇ ಲೆಟರಿನಲ್ಲಿ ಬರೆದು ಬಿಟ್ರೆ ಒಂದು ಫೋನ್ ಕಡಿಮೆ.

ರಿವಾರ್ಡ್ ಪಾಯಿಂಟ್ ಇದ್ರೆ ಮೊದಲೇ ಮುಗಿಸಿ, ಕ್ಲೋಸ್ ಆದ ಮೇಲೆ ಅದಕ್ಕೆ ಕಣ್ಣೀರು ಹಾಕಿ ಪ್ರಯೋಜನ ಇಲ್ಲ.

ಫೀ ಬಿದ್ದೇ ಹೋಗಿದೆ. ಕಟ್ಬೇಕಾ, ಕಟ್ಟದೆ ಜಗಳ ಮಾಡ್ಬೇಕಾ?

ಬದಿಯಡ್ಕದ ಕಡೆಯ ಒಬ್ರದ್ದು ಅಂತ ಇಟ್ಕೊಳ್ಳುವ. ಮಂಗಳೂರಲ್ಲಿ ಕೆಲಸ ಮಾಡುವಾಗ ಕಾರ್ಡ್ ತಗೊಂಡದ್ದು, ಈಗ ಊರಲ್ಲಿ ಅಡಕೆ ತೋಟ ನೋಡ್ಕೊಂಡು ಇದ್ದಾರೆ. ಸ್ಟೇಟ್‌ಮೆಂಟ್ ಜೂನ್ 18ಕ್ಕೆ ಆಯ್ತು, ಅದರಲ್ಲಿ ಫೀ 500, ಜಿಎಸ್‌ಟಿ 90, ಒಟ್ಟು 590. ಕಟ್ಲಿಕ್ಕೆ ಕೊನೆ ದಿನ ಜುಲೈ 7. ಅವರು 20ಕ್ಕೆ ಮೈಲ್ ಹಾಕಿದ್ರು, ಕಾರ್ಡ್ ಬೇಡ, ಫೀ ವಾಪಸ್ ಮಾಡಿ ಅಂತ. ಕಸ್ಟಮರ್ ಕೇರಿನವರು ಫೋನಲ್ಲಿ "ರಿವರ್ಸ್ ಮಾಡ್ತೇವೆ" ಅಂದ್ರು. ನಾಲ್ಕು ದಿನದಲ್ಲಿ ಫೀ ರಿವರ್ಸ್ ಆಯ್ತು ಅಂತ ಎಸ್‌ಎಂಎಸ್ ಬಂತು, ಇವರು ಮುಗೀತು ಅಂತ ಬಿಟ್ರು. ರಿವರ್ಸ್ ಆದದ್ದು 500 ಮಾತ್ರ. ಜಿಎಸ್‌ಟಿಯ 90 ಅಲ್ಲೇ ಉಳೀತು, ಆ 90ರ ದೆಸೆಯಿಂದ ಕ್ಲೋಸಿಂಗ್ ರಿಕ್ವೆಸ್ಟ್ "ಬಾಕಿ ಉಂಟು" ಅಂತ ತಿರಸ್ಕಾರ ಆಯ್ತು, ಅದನ್ನು ತಿಳಿಸಿದ ಮೈಲ್ ಸ್ಪ್ಯಾಮಿನಲ್ಲಿ ಬಿದ್ದಿತ್ತು.

ಈಗ ಹೇಗೆ ಮಾಡ್ಬೇಕಿತ್ತು ಹೇಳ್ತೇನೆ. ಫೀ ಮಾಫಿ ಕೇಳುದು ನಿಮ್ಮ ಹಕ್ಕಲ್ಲ, ಕೇಳಿಕೊಳ್ಳುದು. ಫೀ ಬಿದ್ದ ಕೂಡ್ಲೇ ಕ್ಲೋಸ್ ಮಾಡ್ತೇನೆ ಅಂದ್ರೆ ಎಷ್ಟೋ ಕಂಪೆನಿಯವರು ಬಿಟ್ಟು ಕೊಡ್ತಾರೆ, ಆದ್ರೆ ಕೊಡ್ಲೇಬೇಕು ಅಂತ ಇಲ್ಲ. ಹಾಗಾಗಿ ಕೇಳಿ, ಕೊನೆ ದಿನದ ಎರಡು ಮೂರು ದಿನ ಮೊದಲು ತನಕ ಕಾಯಿರಿ, ಆ ದಿನ ಆಪ್ ತೆರೆದು ನೋಡಿ, ಎಷ್ಟು ಬಾಕಿ ತೋರಿಸ್ತದೋ ಅಷ್ಟನ್ನು ಸರಿಯಾಗಿ ಕಟ್ಟಿ. 590 ತೋರಿಸಿದ್ರೆ 590, 90 ತೋರಿಸಿದ್ರೆ 90. ಕಟ್ಟಿದ ಮೇಲೆ ರಿವರ್ಸಲ್ ಬಂದ್ರೂ ನಷ್ಟ ಇಲ್ಲ, ಅದು ಸಿಆರ್ ಆಗಿ ನಿಮ್ಮ ಬ್ಯಾಂಕ್ ಅಕೌಂಟಿಗೆ ಬರ್ತದೆ. ಕಟ್ಟದೆ ಕೂತ್ರೆ ಲೇಟ್ ಫೀ, ಅದರ ಮೇಲೆ ಪುನಃ ಜಿಎಸ್‌ಟಿ, ಬಡ್ಡಿ, ಎಲ್ಲಕ್ಕಿಂತ ಮುಖ್ಯ ನಿಮ್ಮ ಏಳು ದಿನದ ಗಡಿಯಾರ ಶುರುವೇ ಆಗುದಿಲ್ಲ. ಅದು ಎಂತ ಗಡಿಯಾರ ಅಂತ ಕೆಳಗೆ ಉಂಟು.

590 ರೂಪಾಯಿಗೆ ಸ್ವಾಭಿಮಾನ ಹಿಡ್ಕೊಂಡು ಕೂರುವವರನ್ನು ನಾನು ತುಂಬ ನೋಡಿದ್ದೇನೆ, ಕಡೆಗೆ ಅವರೇ ಸಾವಿರದ ಮೇಲೆ ಕಟ್ಟುದು.

ಲೆಟರಿನಲ್ಲಿ ಎಂತೆಲ್ಲ ಬರೀಬೇಕು?

ಸಣ್ಣದಾಗಿ ಇರ್ಲಿ. ಕಷ್ಟ ಸುಖ ಬರೀಬೇಡಿ, ಯಾಕೆ ಬೇಡ ಅಂತ ಕಾರಣ ಉದ್ದ ಹೇಳಿದ್ರೆ ಅವರಿಗೆ ಆ ಕಾರಣಕ್ಕೊಂದು ಆಫರ್ ಕೊಡ್ಲಿಕ್ಕೆ ದಾರಿ ಆಗ್ತದೆ. ನಾಲ್ಕು ಮಾತು ಇದ್ರೆ ಸಾಕು: ಯಾವ ಕಾರ್ಡ್, ಬಾಕಿ ಸೊನ್ನೆ ಅಂತ ನೀವು ನೋಡಿದ ತಾರೀಕು, ಕ್ಲೋಸ್ ಮಾಡಿ ಅನ್ನುವ ಸ್ಪಷ್ಟ ಮಾತು, ಕ್ಲೋಸ್ ಆದದ್ದನ್ನು ಬರಹದಲ್ಲಿ ಕೊಡಿ ಅನ್ನುವ ಮಾತು. ಮೇಲೆ ಹೇಳಿದ ಬದಿಯಡ್ಕದವರು ಎರಡನೇ ಸಲ ಬರೆದದ್ದು ಸುಮಾರು ಹೀಗೆ ಇರ್ಬಹುದು:

> ಗೆ,
> ಕ್ರೆಡಿಟ್ ಕಾರ್ಡ್ ವಿಭಾಗ, (ಕಂಪೆನಿಯ ಹೆಸರು, ಸ್ಟೇಟ್‌ಮೆಂಟಿನಲ್ಲಿರುವ ವಿಳಾಸ)
>
> ವಿಷಯ: 4417 ಎಂದು ಕೊನೆಗೊಳ್ಳುವ ಕ್ರೆಡಿಟ್ ಕಾರ್ಡ್ ಅಕೌಂಟ್ ಮುಚ್ಚುವ ಬಗ್ಗೆ
>
> ಮಾನ್ಯರೇ,
>
> ನನ್ನ ಹೆಸರಿನಲ್ಲಿರುವ, 4417 ಎಂದು ಕೊನೆಗೊಳ್ಳುವ ಕ್ರೆಡಿಟ್ ಕಾರ್ಡನ್ನು ನಾನು ಉಪಯೋಗಿಸುತ್ತಿಲ್ಲ. ಈ ಕಾರ್ಡ್ ಅಕೌಂಟನ್ನು, ಇದಕ್ಕೆ ಸೇರಿದ ಆಡ್-ಆನ್ ಕಾರ್ಡ್ ಇದ್ದರೆ ಅದನ್ನೂ ಸೇರಿಸಿ, ಶಾಶ್ವತವಾಗಿ ಮುಚ್ಚಬೇಕಾಗಿ ಕೇಳಿಕೊಳ್ಳುತ್ತೇನೆ. ತಾತ್ಕಾಲಿಕವಾಗಿ ಬ್ಲಾಕ್ ಮಾಡುವುದು ಬೇಡ.
>
> ಜೂನ್ 18ರ ಸ್ಟೇಟ್‌ಮೆಂಟಿನಲ್ಲಿದ್ದ ಬಾಕಿಯಲ್ಲಿ 500 ರೂಪಾಯಿಯನ್ನು ತಾವು ರಿವರ್ಸ್ ಮಾಡಿದ್ದೀರಿ. ಉಳಿದ 90 ರೂಪಾಯಿಯನ್ನು ನಾನು ಜುಲೈ 4ರಂದು ಪಾವತಿ ಮಾಡಿದ್ದೇನೆ (ಪಾವತಿಯ ರೆಫರೆನ್ಸ್ ನಂಬರ್ ...). ಇಂದಿನ ದಿನ ಬಿಲ್ ಆದದ್ದು ಮತ್ತು ಬಿಲ್ ಆಗದ್ದು ಎರಡೂ ಸೇರಿ ಬಾಕಿ ಸೊನ್ನೆ ಇದೆ. ಅದರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಬಾಕಿ ಸೊನ್ನೆ ಇರುವುದನ್ನು ತಾವೂ ಖಚಿತಪಡಿಸಬೇಕು. ತಮ್ಮ ಲೆಕ್ಕದಲ್ಲಿ ಏನಾದರೂ ಬಾಕಿ ಕಂಡರೆ ಮೊತ್ತ, ತಾರೀಕು ಮತ್ತು ಕಾರಣವನ್ನು ಈ ಮೈಲಿಗೆ ಉತ್ತರವಾಗಿ ತಿಳಿಸಬೇಕು.
>
> ಇಂದಿನಿಂದ ಈ ಕಾರ್ಡಿಗೆ ಯಾವ ಆಟೋ ಡೆಬಿಟ್ಟಿಗೂ ನನ್ನ ಒಪ್ಪಿಗೆ ಇಲ್ಲ. ಹೆಚ್ಚುವರಿ ಹಣ ಉಳಿದಿದ್ದರೆ ನನ್ನ ಉಳಿತಾಯ ಖಾತೆಗೆ (ಖಾತೆ ಸಂಖ್ಯೆ, ಐಎಫ್‌ಎಸ್‌ಸಿ) ಜಮಾ ಮಾಡಬೇಕು.
>
> ಅಕೌಂಟ್ ಮುಚ್ಚಿದ ತಾರೀಕು ಮತ್ತು ಬಾಕಿ ಸೊನ್ನೆ ಎಂದು ನಮೂದಿಸಿದ ನೋ ಡ್ಯೂಸ್ ಲೆಟರ್ ಕಳಿಸಬೇಕು, ಕ್ರೆಡಿಟ್ ಬ್ಯೂರೋಗಳಿಗೂ ತಿಳಿಸಬೇಕು.
>
> ತಮ್ಮಲ್ಲಿರುವ ನನ್ನ ಹಳೆಯ ವಿಳಾಸ: ಮಂಗಳೂರು ...
> ಈಗಿನ ವಿಳಾಸ: ಬದಿಯಡ್ಕ, ಕಾಸರಗೋಡು ಜಿಲ್ಲೆ, ಕೇರಳ ...
>
> ತಾರೀಕು, ಸಹಿ, ಕಾರ್ಡ್ ಮೇಲಿರುವಂತೆಯೇ ಹೆಸರು, ರಿಜಿಸ್ಟರ್ ಆದ ಮೊಬೈಲ್ ನಂಬರ್

"ಶಾಶ್ವತವಾಗಿ" ಅನ್ನುವ ಮಾತು ಬಿಡ್ಬೇಡಿ. ಬ್ಲಾಕ್ ಮಾಡಿದ ಕಾರ್ಡಿನ ಅಕೌಂಟ್ ಜೀವಂತ ಇರ್ತದೆ, ಅದಕ್ಕೆ ಮುಂದಿನ ವರ್ಷ ಫೀ ಬೀಳ್ಬಹುದು. ಎರಡು ವಿಳಾಸ ಬರೆದದ್ದು ಯಾಕೆ ಅಂದ್ರೆ ನಮ್ಮವರ ಕಾರ್ಡೆಲ್ಲ ಮಂಗಳೂರಿನ ರೂಮಿನ ವಿಳಾಸದಲ್ಲಿ ಇರುದು, ಈಗಿನ ಕೇರಳ ವಿಳಾಸ ಮಾತ್ರ ಬರೆದ್ರೆ ರೆಕಾರ್ಡಿಗೆ ಹೊಂದುದಿಲ್ಲ ಅಂತ ವಾಪಸ್ ಕಳಿಸ್ತಾರೆ.

ಕಾರ್ಡಿನ ಪೂರ್ತಿ ನಂಬರ್ ಬರೀಬೇಡಿ, ಸಿವಿವಿ, ಪಿನ್, ಒಟಿಪಿ ಯಾವುದೂ ಬೇಡ. ಕಾರ್ಡನ್ನು ಕವರಿನಲ್ಲಿ ಹಾಕಿ ಕಳಿಸುದೂ ಬೇಡ. ಕ್ಲೋಸ್ ಆಯ್ತು ಅಂತ ಉತ್ತರ ಬಂದ ಮೇಲೆ ಚಿಪ್ಪಿನ ಮೇಲೆ ಮತ್ತು ಹಿಂದಿನ ಕಪ್ಪು ಪಟ್ಟಿಯ ಮೇಲೆ ಕತ್ತರಿ ಹೋಗುವ ಹಾಗೆ ಕತ್ತರಿಸಿ.

ಕನ್ನಡದಲ್ಲಿ ಬರೆದ್ರೆ ತಗೊಳ್ತಾರಾ?

ಬರೀಬಹುದು. ಆದ್ರೆ ಕಾರ್ಡ್ ವಿಭಾಗ ಇರುದು ಸಾಮಾನ್ಯ ಚೆನ್ನೈ, ಮುಂಬೈ, ಗುರುಗ್ರಾಮದಂಥ ಕಡೆ, ಅಲ್ಲಿ ಓದುವವರಿಗೆ ಕನ್ನಡ ಗೊತ್ತಿರ್ಬೇಕು ಅಂತ ಇಲ್ಲ, ಅನುವಾದಕ್ಕೆ ಅಂತ ನಾಲ್ಕು ದಿನ ಹೋಗ್ತದೆ. ಬೇಗ ಕೆಲಸ ಆಗ್ಬೇಕಾದ್ರೆ ಇದೇ ಮಾತನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಅಕ್ಷಯ ಸೆಂಟರಿನವರು ಮಾಡಿ ಕೊಡ್ತಾರೆ. ಸಹಿ ಮಾತ್ರ ಕಾರ್ಡ್ ಫಾರ್ಮಿನಲ್ಲಿ ಹೇಗೆ ಹಾಕಿದ್ರೋ ಹಾಗೆಯೇ. ಫಾರ್ಮಿನಲ್ಲಿ ಕನ್ನಡ ಸಹಿ ಇದ್ರೆ ಇಂಗ್ಲಿಷ್ ಲೆಟರಿನ ಕೆಳಗೂ ಕನ್ನಡ ಸಹಿಯೇ ಹಾಕಿ.

ಯಾರಿಗೆ ಕಳಿಸುದು? ಮಂಗಳೂರು ಬ್ರಾಂಚಿಗಾ, ಕಾಸರಗೋಡು ಬ್ರಾಂಚಿಗಾ?

ಎರಡೂ ಕಡೆ ಓಡುದು ಬೇಡ. ಕ್ರೆಡಿಟ್ ಕಾರ್ಡ್ ಯಾವ ಬ್ರಾಂಚಿನದ್ದೂ ಅಲ್ಲ. ಬ್ರಾಂಚಿನವರು "ನಮ್ಮಲ್ಲಿ ಇಲ್ಲ, ಕಸ್ಟಮರ್ ಕೇರಿಗೆ ಫೋನ್ ಮಾಡಿ" ಅಂದ್ರೆ ಅದು ಉಡಾಫೆ ಅಂತ ತಿಳೀಬೇಡಿ, ಹಲವು ಸಲ ನಿಜವೇ. ಎಸ್‌ಬಿಐ ಕಾರ್ಡ್ ಅಂತೂ ಎಸ್‌ಬಿಐ ಬ್ಯಾಂಕಿಗಿಂತ ಬೇರೆ ಕಂಪೆನಿ, ಬ್ರಾಂಚ್ ಮ್ಯಾನೇಜರ್ ಅದನ್ನು ಕ್ಲೋಸ್ ಮಾಡ್ಲಿಕ್ಕೆ ಆಗುದಿಲ್ಲ. ಪೆಟ್ರೋಲ್ ಕಂಪೆನಿ, ಶಾಪಿಂಗ್ ಸೈಟಿನ ಹೆಸರು ಇರುವ ಕಾರ್ಡಾದ್ರೆ ಅವರಿಗೆ ಬರೀಬೇಡಿ, ಕಾರ್ಡಿನಲ್ಲಿ ಯಾವ ಬ್ಯಾಂಕಿನ ಹೆಸರು ಉಂಟು ನೋಡಿ, ಕೊಟ್ಟದ್ದು ಆ ಬ್ಯಾಂಕ್.

ಹೇಗೆ ಕಳಿಸುದು ಅಂದ್ರೆ ಮೈಲ್ ಒಳ್ಳೇದು, ಕಾರ್ಡಿಗೆ ರಿಜಿಸ್ಟರ್ ಆದ ಮೈಲ್ ಐಡಿಯಿಂದಲೇ ಹೋಗ್ಬೇಕು. ಆಪ್‌ನಲ್ಲಿ, ವೆಬ್‌ಸೈಟಿನಲ್ಲಿ ಕ್ಲೋಸಿಂಗಿಗೆ ಲಿಂಕ್ ಇರ್ತದೆ, ಅದರಲ್ಲಿ ಹಾಕಿ ಬಂದ ರಿಕ್ವೆಸ್ಟ್ ನಂಬರನ್ನು ಮೈಲಿನಲ್ಲಿ ಬರೆದು ಲೆಟರ್ ಲಗತ್ತಿಸಿದ್ರೆ ಇನ್ನೂ ಗಟ್ಟಿ. "ಪೋಸ್ಟಿನಲ್ಲೇ ಕಳಿಸಿ, ಇಲ್ಲದಿದ್ರೆ ಆಗುದಿಲ್ಲ" ಅಂತ ಅವರು ಹೇಳ್ಲಿಕ್ಕೆ ಇಲ್ಲ. 2022ರ ಜುಲೈ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಲ್ಲೇ, ತಡ ಆಗುವ ದಾರಿಯಲ್ಲಿ ಕಳಿಸಿ ಅಂತ ಒತ್ತಾಯ ಮಾಡ್ಬಾರ್ದು ಅಂತ ಉಂಟು. ನಿಮಗೇ ಪೋಸ್ಟಿನಲ್ಲಿ ಕಳಿಸ್ಬೇಕು ಅಂತ ಇದ್ರೆ ಸ್ಪೀಡ್ ಪೋಸ್ಟ್ ಮಾಡಿ ರಶೀದಿ ಇಟ್ಕೊಳ್ಳಿ, ಹಳೆ ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರಿನಿಂದ ಸ್ಪೀಡ್ ಪೋಸ್ಟಿನ ಒಳಗೇ ಸೇರಿ ಹೋಗಿದೆ.

ತಮ್ಮ ದುಬೈಯಲ್ಲಿ ಇದ್ದಾನೆ, ಇಲ್ಲಿನ ಸಿಮ್ ಕಟ್ ಆಗಿದೆ, ಒಟಿಪಿ ಬರುದಿಲ್ಲ. ನಾನು ಅವನ ಪರವಾಗಿ ಬರೀಬಹುದಾ?

ನೀವು ಬರೆದ್ರೆ ತಗೊಳ್ಳುದಿಲ್ಲ. ನೀವು ಟೈಪ್ ಮಾಡಿ ಕಳಿಸಿ ಕೊಡಿ, ಅವನು ಸಹಿ ಹಾಕಿ, ಸ್ಕ್ಯಾನ್ ಮಾಡಿ, ಅವನ ರಿಜಿಸ್ಟರ್ ಆದ ಮೈಲಿನಿಂದ ಅವನೇ ಕಳಿಸ್ಲಿ. "ರಿಜಿಸ್ಟರ್ ಆದ ಮೊಬೈಲ್ ಈಗ ಚಾಲ್ತಿಯಲ್ಲಿ ಇಲ್ಲ, ಮೈಲಿನಲ್ಲೇ ಉತ್ತರ ಕೊಡಿ" ಅಂತ ಒಂದು ಸಾಲು ಸೇರಿಸ್ಲಿ, ಇಲ್ಲದಿದ್ರೆ ಅವರು ಸತ್ತ ನಂಬರಿಗೆ ಫೋನ್ ಮಾಡಿ "ಗ್ರಾಹಕರು ಸಿಗ್ಲಿಲ್ಲ" ಅಂತ ರಿಕ್ವೆಸ್ಟ್ ಮುಚ್ಚಿ ಬಿಡ್ತಾರೆ. ಗುರುತಿನ ಚೀಟಿ ಕೇಳಿದ್ರೆ ಕಾಪಿಯ ಮೇಲೆ ಅಡ್ಡಕ್ಕೆ "ಕಾರ್ಡ್ ಮುಚ್ಚುವ ಉದ್ದೇಶಕ್ಕೆ ಮಾತ್ರ" ಅಂತ ಬರೆದು ತಾರೀಕು ಹಾಕಿ ಸಹಿ ಮಾಡ್ಲಿ.

ಸಿಮ್ ಇನ್ನೂ ಇದ್ದು ಕಟ್ ಆಗ್ಲಿಕ್ಕೆ ಇರುವವರು, ಗಲ್ಫಿಗೆ ಹೋಗುವ ಮೊದಲೇ ಕಾರ್ಡ್ ಕ್ಲೋಸ್ ಮಾಡಿಸಿ ಹೋಗಿ ಮಾರಾಯ್ರೆ, ಇದರ ಅರ್ಧ ಕೆಲಸ ಉಳೀತದೆ.

ಲೆಟರ್ ಹೋದ ಮೇಲೆ ಫೋನ್ ಬಂತು, ಲೈಫ್‌ಟೈಮ್ ಫ್ರೀ ಮಾಡ್ತೇವೆ ಅಂತಾರೆ. ಒಪ್ಬೇಕಾ?

ಅದು ನಿಮ್ಮಿಷ್ಟ. ಬೇಕಾದ್ರೆ "ಬರಹದಲ್ಲಿ ಕಳಿಸಿ, ನೋಡಿ ಹೇಳ್ತೇನೆ" ಅನ್ನಿ. ಬಾಯಲ್ಲಿ "ಆಯ್ತು" ಅಂದ್ರೆ ಆ ಕ್ಷಣಕ್ಕೆ ನಿಮ್ಮ ಕ್ಲೋಸಿಂಗ್ ರಿಕ್ವೆಸ್ಟ್ ರದ್ದು, ಮುಂದಿನ ವರ್ಷ ಫೀ ಬಿದ್ರೆ ಸಾಕ್ಷಿ ಇಲ್ಲ. ಬೇಡ ಅಂತಾದ್ರೆ ಒಂದೇ ಮಾತು, "ಬೇಡ, ಕ್ಲೋಸ್ ಮಾಡಿ", ಪುನಃ ಕೇಳಿದ್ರೂ ಅದೇ ಮಾತು. ಫೋನಲ್ಲಿ ಮಲಯಾಳದಲ್ಲಿ ಮಾತಾಡಿದ್ರೂ ಹಿಂದಿಯಲ್ಲಿ ಮಾತಾಡಿದ್ರೂ ಮುಖ್ಯ ಅಲ್ಲ, ಆಮೇಲೆ ಒಂದು ಮೈಲ್ ಹಾಕಿ, ಇವತ್ತು ಇಷ್ಟು ಗಂಟೆಗೆ ಫೋನ್ ಬಂತು, ಕ್ಲೋಸ್ ಮಾಡಿ ಅಂತಲೇ ಹೇಳಿದ್ದೇನೆ ಅಂತ.

ಇದೇ ಸಂದರ್ಭ ನೋಡಿ ಕಳ್ಳರೂ ಫೋನ್ ಮಾಡ್ತಾರೆ. ಕಾರ್ಡ್ ಕ್ಲೋಸ್ ಮಾಡ್ಲಿಕ್ಕೆ ಒಟಿಪಿ ಹೇಳಿ ಅಂತ ಕೇಳಿದ್ರೆ ಫೋನ್ ಇಡಿ. ಆಪ್‌ನಲ್ಲಿ ನೀವೇ ರಿಕ್ವೆಸ್ಟ್ ಹಾಕಿ ನೀವೇ ಒಟಿಪಿ ಒತ್ತುದು ಬೇರೆ, ಬಂದ ಫೋನಿನವರಿಗೆ ಓದಿ ಹೇಳುದು ಬೇರೆ.

ಏಳು ದಿನದಲ್ಲಿ ಕ್ಲೋಸ್ ಮಾಡದಿದ್ರೆ ದಿನಕ್ಕೆ 500 ಕೊಡ್ಬೇಕಂತೆ, ಹೌದಾ?

ಹೌದು, ಆದ್ರೆ ಬಾಕಿ ಸೊನ್ನೆ ಇದ್ರೆ ಮಾತ್ರ. ನಿಯಮ ಹೇಳುದು ಏಳು ಕೆಲಸದ ದಿನ, ಅದು ದಾಟಿದ್ರೆ ತಡ ಆದ ಪ್ರತಿ ದಿನಕ್ಕೆ 500 ರೂಪಾಯಿ ಗ್ರಾಹಕನಿಗೆ. ಕೆಲಸದ ದಿನ ಎಣಿಸುವಾಗ ಭಾನುವಾರ, ರಜೆ, ಬ್ಯಾಂಕಿನವರಿಗೆ ಎರಡನೇ ನಾಲ್ಕನೇ ಶನಿವಾರ ಬಿಡ್ಬೇಕು, ದಂಡ ಎಣಿಸುವಾಗ ಯಾವ ದಿನವೂ ಬಿಡ್ಲಿಕ್ಕಿಲ್ಲ.

ಬದಿಯಡ್ಕದವರ ಎರಡನೇ ಲೆಟರ್ ಒಂದು ಸೋಮವಾರ ಹೋಯ್ತು, ಆ ವಾರದ ಶನಿವಾರ ಎರಡನೇ ಶನಿವಾರ, ನಡುವೆ ಬೇರೆ ರಜೆ ಇಲ್ಲ ಅಂತ ಇಟ್ಕೊಳ್ಳಿ. ಮಂಗಳವಾರ ಒಂದು, ಹಾಗೆ ಶುಕ್ರವಾರಕ್ಕೆ ನಾಲ್ಕು, ಮುಂದಿನ ಸೋಮವಾರ ಐದು, ಬುಧವಾರಕ್ಕೆ ಏಳು. ಗುರುವಾರದಿಂದ ದಂಡ ಶುರು. ಅದರ ಮುಂದಿನ ಮಂಗಳವಾರ ಕ್ಲೋಸ್ ಮಾಡಿದ್ರೆ ಗುರುವಾರದಿಂದ ಸೋಮವಾರದ ತನಕ, ಶನಿ ಭಾನು ಸೇರಿ, ಐದು ದಿನ, 2500 ರೂಪಾಯಿ. ಆದ್ರೆ ಜೂನ್ 20ರ ಮೊದಲ ಮೈಲಿನಿಂದ ಎಣಿಸ್ಲಿಕ್ಕೆ ಆಗುದಿಲ್ಲ, ಯಾಕಂದ್ರೆ ಆವಾಗ 590 ಬಾಕಿ ಇತ್ತು, ಆಮೇಲೆ 90 ಇತ್ತು. ನಾನು ಸೊನ್ನೆ, ಸ್ಕ್ರೀನ್‌ಶಾಟ್, ತಾರೀಕು ಅಂತ ಇಷ್ಟು ತಲೆ ತಿಂದದ್ದು ಇದಕ್ಕೇ, ಗಡಿಯಾರ ಯಾವ ದಿನ ಶುರು ಆಯ್ತು ಅಂತ ತೋರಿಸ್ಲಿಕ್ಕೆ ನಿಮ್ಮ ಹತ್ರ ಬೇರೆ ಕಾಗದ ಇರುದಿಲ್ಲ. ಈ ದಂಡವನ್ನು ಅವರು ಕರೆದು ಕೊಡ್ತಾರೆ ಅಂತ ಕಾಯ್ಬೇಡಿ, ತಾರೀಕು ಹಾಕಿ ಲೆಕ್ಕ ಬರೆದು ಕೇಳ್ಬೇಕು.

"ಕ್ಲೋಸ್ ಆಯ್ತು" ಅಂತ ಎಸ್‌ಎಂಎಸ್ ಬಂತು. ಮುಗೀತಲ್ವಾ?

ಎಸ್‌ಎಂಎಸ್ ಓದಿ ನೋಡಿ, "ರಿಕ್ವೆಸ್ಟ್ ಕ್ಲೋಸ್ ಆಯ್ತು" ಅಂತ ಉಂಟಾ, "ಕಾರ್ಡ್ ಅಕೌಂಟ್ ಕ್ಲೋಸ್ ಆಯ್ತು" ಅಂತ ಉಂಟಾ. ಮೊದಲಿನದ್ದಕ್ಕೆ ಅರ್ಥ ನಿಮ್ಮ ದೂರಿನ ಫೈಲ್ ಮುಚ್ಚಿದ್ರು ಅಂತ ಮಾತ್ರ. ಎರಡನೇದು ಬೇಕು, ಅದರ ಜೊತೆ ನೋ ಡ್ಯೂಸ್ ಲೆಟರ್ ಬೇಕು. ಅದರಲ್ಲಿ ಕಾರ್ಡಿನ ಕೊನೆ ನಾಲ್ಕು ಅಂಕೆ, ಮುಚ್ಚಿದ ತಾರೀಕು, ಬಾಕಿ ಇಲ್ಲ ಅನ್ನುವ ಮಾತು ಮೂರೂ ಇರ್ಬೇಕು.

ಒಂದೂವರೆ ಎರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ತೆಗೀರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಅಂತ ನಾಲ್ಕು ಕಂಪೆನಿ ಉಂಟು, ಪ್ರತಿಯೊಂದರಿಂದಲೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಸಿಗ್ತದೆ. ಆ ಕಾರ್ಡಿನ ಸಾಲಿನಲ್ಲಿ ಕ್ಲೋಸ್ಡ್ ಅಂತ, ತಾರೀಕಿನ ಜೊತೆ, ಬ್ಯಾಲೆನ್ಸ್ ಸೊನ್ನೆ ಅಂತ ಇರ್ಬೇಕು. ಸೆಟಲ್ಡ್ ಅಥವಾ ರಿಟನ್ ಆಫ್ ಅಂತ ಇದ್ರೆ ಕೂಡ್ಲೇ ತಕರಾರು ಹಾಕಿ, ಅದಕ್ಕೆ ಅರ್ಥ ನೀವು ಪೂರ್ತಿ ಕಟ್ಲಿಲ್ಲ ಅಂತ. ತಕರಾರು ಹಾಕಿ 30 ದಿನದಲ್ಲಿ ಸರಿ ಮಾಡದಿದ್ರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ 2024ರ ಏಪ್ರಿಲಿನಿಂದ ನಿಯಮ ಉಂಟು.

ಕ್ಲೋಸ್ ಮಾಡಿದ್ರೆ ಕ್ರೆಡಿಟ್ ಸ್ಕೋರ್ ಇಳೀತದಾ?

ಸ್ವಲ್ಪ ಇಳೀಬಹುದು. ನಿಮ್ಮ ಎರಡು ಕಾರ್ಡಿಗೆ ತಲಾ 50,000 ಲಿಮಿಟ್ ಇದ್ದು, ಒಂದರಲ್ಲಿ 20,000 ಉಪಯೋಗಿಸ್ತಾ ಇದ್ರೆ ಒಟ್ಟು ಲಿಮಿಟಿನ 20% ಆಯ್ತು, ಉಪಯೋಗಿಸದ್ದನ್ನು ಮುಚ್ಚಿದ್ರೆ ಅದೇ 20,000 ಈಗ 40%. ಅಷ್ಟೇ ವಿಷಯ. ಮುಂದಿನ ತಿಂಗಳೇ ಮನೆ ಸಾಲಕ್ಕೆ ಅರ್ಜಿ ಹಾಕ್ಲಿಕ್ಕೆ ಇದ್ರೆ ಸಾಲ ಸಿಕ್ಕಿದ ಮೇಲೆ ಮುಚ್ಚಿ, ಅದಲ್ಲದಿದ್ರೆ ಇದಕ್ಕೆ ತಲೆ ಕೆಡಿಸ್ಬೇಡಿ.

ಉತ್ತರವೇ ಬರ್ಲಿಲ್ಲ. ಕೇರಳದಲ್ಲಿ ದೂರು ಕೊಡುದಾ, ಕರ್ನಾಟಕದಲ್ಲಾ?

ಮೊದಲು ಆ ಕಂಪೆನಿಯ ವೆಬ್‌ಸೈಟಿನಲ್ಲಿ ನೋಡಲ್ ಆಫೀಸರ್ ಅಥವಾ ಗ್ರೀವೆನ್ಸ್ ಆಫೀಸರ್ ಅಂತ ಇರ್ತದೆ, ಹಳೆ ಮೈಲನ್ನೇ ಅವರಿಗೆ ಕಳಿಸಿ, ಮೇಲೆ ಎರಡು ಸಾಲು ಬರೆದು. ಹೆಚ್ಚಿನದ್ದು ಅಲ್ಲೇ ಮುಗೀತದೆ.

ದೂರು ಕೊಟ್ಟು 30 ದಿನ ಆದ್ರೂ ಉತ್ತರ ಇಲ್ಲ, ಇಲ್ಲ ಬಂದ ಉತ್ತರ ಸರಿ ಇಲ್ಲ ಅಂತಾದ್ರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಇದರಲ್ಲಿ ನಮಗೆ ಗಡಿಯವರಿಗೆ ಒಂದು ಅನುಕೂಲ ಉಂಟು. ಮೊದಲು ಯಾವ ರಾಜ್ಯದ ಬ್ರಾಂಚ್, ಯಾವ ಆಫೀಸಿನ ವ್ಯಾಪ್ತಿ ಅಂತ ನೋಡ್ಬೇಕಿತ್ತು, ಕಾರ್ಡ್ ಮಂಗಳೂರಿನದ್ದು ಮನೆ ಕೇರಳದ್ದು ಅಂದ್ರೆ ಗೊಂದಲ. 2021ರ ನವೆಂಬರಿನಲ್ಲಿ ಎಲ್ಲ ಒಂದೇ ಯೋಜನೆ ಮಾಡಿದ ಮೇಲೆ ದೇಶಕ್ಕೆಲ್ಲ ಒಂದೇ ಬಾಗಿಲು, cms.rbi.org.in ಸೈಟಿನಲ್ಲಿ ಹಾಕ್ಬಹುದು, ಫೀ ಇಲ್ಲ, ವಕೀಲರು ಬೇಡ. ಸೈಟ್ ಬೇಡ ಅನ್ನುವವರು ಕಾಗದದಲ್ಲಿ ಬರೆದು ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಕಳಿಸ್ಬಹುದು, ಅಲ್ಲಿಗೆ ಕನ್ನಡದಲ್ಲಿ ಬರೆದ್ರೂ ನಡೀತದೆ. 14448ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೂ ಮಾಹಿತಿ ಕೊಡ್ತಾರೆ.

ದೂರಿನ ಜೊತೆ ನಿಮ್ಮ ಮೊದಲ ಲೆಟರ್, ಕಳಿಸಿದ ದಿನದ ಸಾಕ್ಷಿ, ಸೊನ್ನೆ ಬಾಕಿಯ ಸ್ಕ್ರೀನ್‌ಶಾಟ್, ರಿಕ್ವೆಸ್ಟ್ ನಂಬರ್, ದಿನಕ್ಕೆ 500ರ ಲೆಕ್ಕ ಲಗತ್ತಿಸಿ. ಕಂಪೆನಿಗೆ ಬರೆಯದೆ ನೇರ ಇಲ್ಲಿಗೆ ಬಂದ್ರೆ ಓದದೆ ವಾಪಸ್ ಮಾಡ್ತಾರೆ, 30 ದಿನ ತುಂಬುವ ಮೊದಲು ಬಂದ್ರೂ ಅದೇ. ಕಂಪೆನಿಯಿಂದ ಉತ್ತರ ಬಂದ ಮೇಲೆ, ಉತ್ತರವೇ ಬರದಿದ್ರೆ 30 ದಿನ ದಾಟಿದ ಮೇಲೆ, ತಡ ಮಾಡದೆ ಹಾಕಿ, ಅದಕ್ಕೂ ಒಂದು ಗಡುವು ಉಂಟು.